ಒಗ್ಗರಣೆಯ ಹೊತ್ತಿಗೆ ಯಾವ ಸರಣಿ, ಕುಳಿತು ನೋಡಬೇಕಾದದ್ದು ಯಾವುದು?

ಜಯನಗರದ ವಿದ್ಯಾ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಹಳೆಯ ಟ್ಯಾಬ್ ಇದೆ. ಸಂಜೆ ಏಳರಿಂದ ಎಂಟೂವರೆಯವರೆಗೆ ಅದರಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕಳೆದ ಶನಿವಾರ ಎಂಟು ಜನರಿಗೆ ಬಿಸಿಬೇಳೆಬಾತ್ ಮಾಡಬೇಕಿತ್ತು. ಎಲ್ಲರೂ ಹೊಗಳುತ್ತಾರಲ್ಲ ಎಂದು ಬೆಟರ್ ಕಾಲ್ ಸಾಲ್‌ನ ಮೂರನೆಯ ಸೀಸನ್ನನ್ನು ಹಾಕಿಕೊಂಡೆ. ತರಕಾರಿ ಹೆಚ್ಚಿ, ಬೇಳೆ ಬೇಯಿಸಿ, ಮಸಾಲೆ ಹುರಿಯುವಷ್ಟರಲ್ಲಿ ಒಂದು ಕಂತು ಮುಗಿದೇ ಹೋಯಿತು. ಅದರಲ್ಲಿ ಬಹಳ ಹೊತ್ತು ನನಗೆ ಕೇಳಿಸಿದ್ದು ಕಬ್ಬಿಣ ಕುಟ್ಟುವ ಸದ್ದು ಮಾತ್ರ. ಮರುದಿನ ಅದೇ ಕಂತನ್ನು ಕುಳಿತು ನೋಡಿದಾಗ, ಅಷ್ಟು ಒಳ್ಳೆಯದನ್ನು ಹಾಳು ಮಾಡಿಕೊಂಡೆನಲ್ಲ ಎಂದು ಬೇಸರವಾಯಿತು.

ಇದಕ್ಕೆ ತದ್ವಿರುದ್ಧವಾದದ್ದೂ ಆಗಿದೆ. ಅಡುಗೆ ಮಾಡುತ್ತಾ ಆರು ತಿಂಗಳು ಸಂತೋಷದಿಂದ ಕೇಳಿದ ಒಂದು ದೈನಂದಿನ ಧಾರಾವಾಹಿಯನ್ನು ರಜೆಯ ದಿನ ಸೋಫಾದಲ್ಲಿ ಕುಳಿತು ನೋಡಲು ಹೋದರೆ ಹತ್ತು ನಿಮಿಷ ತಡೆದುಕೊಳ್ಳಲಾಗಲಿಲ್ಲ.

ನನ್ನ ಪ್ರಶ್ನೆ ಇಷ್ಟು: ಒಂದು ಸರಣಿಯನ್ನು ಶುರು ಮಾಡುವ ಮೊದಲೇ ಇದು ಒಲೆಯ ಪಕ್ಕದ್ದು, ಇದು ಸೋಫಾದ್ದು ಎಂದು ತಿಳಿಯುವುದು ಹೇಗೆ? ನೀವೆಲ್ಲ ಹೇಗೆ ವಿಂಗಡಿಸುತ್ತೀರಿ?

ಹಾಸನದ ಗಿರೀಶ

ಅಡುಗೆ ಕಾರ್ಯಕ್ರಮಗಳೇ ಸರಿ. ಅಳತೆ ಹೇಳುತ್ತಾರೆ, ಮಾಡುತ್ತಾ ಹೋಗಬಹುದು. ನಾನು ಹಾಗೆಯೇ ಅಕ್ಕಿರೊಟ್ಟಿ ಕಲಿತದ್ದು.

ಜಯನಗರದ ವಿದ್ಯಾ

ಗಿರೀಶ್ ಅವರೇ, ಅಡುಗೆ ಕಲಿಯುವ ಪ್ರಶ್ನೆಯಲ್ಲ ಇದು. ಗೊತ್ತಿರುವ ಅಡುಗೆಯನ್ನೇ ಮಾಡುವಾಗ ಪಕ್ಕದಲ್ಲಿ ಏನು ಹಾಕಿಕೊಳ್ಳಬೇಕು ಎಂಬುದು.

ಮೈಸೂರಿನ ಪ್ರಸನ್ನ

ಬಹಳ ಸುಲಭ. ಈಗಾಗಲೇ ನೋಡಿರುವುದು ಒಲೆಯ ಪಕ್ಕಕ್ಕೆ, ನೋಡದೇ ಇರುವುದು ಸೋಫಾಕ್ಕೆ. ನಾನು ಮಾಲ್ಗುಡಿ ಡೇಸ್ ಅನ್ನು ಎಷ್ಟು ಸಲ ಹಾಕಿಕೊಂಡಿದ್ದೇನೋ ಲೆಕ್ಕವಿಲ್ಲ. ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾದರೆ ಕೈ ತಾನಾಗಿಯೇ ಈಳಿಗೆಮಣೆಯ ಕಡೆಗೆ ಹೋಗುತ್ತದೆ. ಏನಾಗುತ್ತದೆ ಎಂದು ಗೊತ್ತಿರುವುದರಿಂದ ಎರಡು ನಿಮಿಷ ತಪ್ಪಿದರೂ ನಷ್ಟವಿಲ್ಲ. ಇದಕ್ಕಿಂತ ಬೇರೆ ನಿಯಮ ಬೇಕಾಗಿಲ್ಲ.

ಸಂಭಾಷಣೆ ಶಾಲಿನಿ

ಪ್ರಸನ್ನ ಅವರ ಮಾತು ಅರ್ಧ ಸರಿ. ಹಾಗಾದರೆ ವಿದ್ಯಾ ಅವರು ಆ ದೈನಂದಿನ ಧಾರಾವಾಹಿಯ ಹೊಸ ಹೊಸ ಕಂತುಗಳನ್ನು ಆರು ತಿಂಗಳು ಅಡುಗೆಮನೆಯಲ್ಲೇ ಹೇಗೆ ಅನುಸರಿಸಿದರು? ಅವರು ಮೊದಲೇ ನೋಡಿರಲಿಲ್ಲವಲ್ಲ.

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ, ಹನ್ನೊಂದು ವರ್ಷಗಳಾದವು. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಹಿರಿಯರು ಹೇಳಿಕೊಟ್ಟ ಪಾಠ: ಸಂಜೆ ಏಳರ ಧಾರಾವಾಹಿಯನ್ನು ಹೆಚ್ಚಿನವರು ನೋಡುವುದಿಲ್ಲ, ಕೇಳುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಆದ್ದರಿಂದ ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಅವರನ್ನು ತೋರಿಸಿದರೆ ಸಾಲದು. ಒಳಗಿರುವವರು 'ಅತ್ತೆ, ನೀವಾ? ಇಷ್ಟು ಹೊತ್ತಿನಲ್ಲಿ?' ಎನ್ನಬೇಕು. ಆ ಒಂದು ಮಾತಿನಲ್ಲಿ ಬಂದವರು ಯಾರು, ಹೊತ್ತು ಎಂಥದ್ದು, ಬರಬಾರದ ಸಮಯದಲ್ಲಿ ಬಂದಿದ್ದಾರೆ ಎಂಬ ಮೂರೂ ಸಂಗತಿಗಳು ಕಿವಿಗೆ ಬಿದ್ದವು. ಯಾರಾದರೂ ಪತ್ರ ಓದಿದರೆ ಗಟ್ಟಿಯಾಗಿಯೇ ಓದುತ್ತಾರೆ. ಸಿಟ್ಟು ಬಂದರೆ ಮೊದಲು ಸಂಗೀತಕ್ಕೆ ಬರುತ್ತದೆ, ಆಮೇಲೆ ಮುಖಕ್ಕೆ. ಜಾಹೀರಾತು ಮುಗಿದ ಮೇಲೆ ಹಿಂದಿನ ದೃಶ್ಯದ ಕೊನೆಯ ಮಾತು ಇನ್ನೊಮ್ಮೆ ಬರುತ್ತದೆ. ಇವೆಲ್ಲ ಬಾನುಲಿ ನಾಟಕದಿಂದ ಬಂದ ಕುಶಲತೆಗಳು. ಇಂಗ್ಲಿಷಿನಲ್ಲಿ ಸೋಪ್ ಎಂಬ ಹೆಸರು ಹುಟ್ಟಿದ್ದೂ ಹಾಗೆಯೇ. 1930ರ ದಶಕದ ಅಮೆರಿಕದಲ್ಲಿ ಸಾಬೂನು ಕಂಪನಿಗಳು ಮನೆಗೆಲಸ ಮಾಡುವ ಹೆಂಗಸರಿಗಾಗಿ ಹಗಲು ಹೊತ್ತಿನಲ್ಲಿ ರೇಡಿಯೊ ನಾಟಕಗಳನ್ನು ಪ್ರಾಯೋಜಿಸುತ್ತಿದ್ದವು.

ಅದಕ್ಕೇ ಸೋಫಾದಲ್ಲಿ ಕುಳಿತು ನೋಡಿದರೆ ಅದು ಬೇಸರ ತರಿಸುವುದು. ಕಣ್ಣು ಈಗಾಗಲೇ ಕಂಡದ್ದನ್ನು ಕಿವಿಗೆ ಇನ್ನೊಮ್ಮೆ ಹೇಳುತ್ತಿರುತ್ತಾರೆ. ಅದು ಕೆಟ್ಟ ಬರವಣಿಗೆಯಲ್ಲ, ಬೇರೆ ಕೇಳುಗರಿಗಾಗಿ ಮಾಡಿದ ಬರವಣಿಗೆ.

ಜಯನಗರದ ವಿದ್ಯಾ

ಶಾಲಿನಿ ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಬೆಟರ್ ಕಾಲ್ ಸಾಲ್‌ನಲ್ಲಿ ನಾನು ಕಳೆದುಕೊಂಡದ್ದು ಏನು ಎಂದು ಈಗ ಸರಿಯಾಗಿ ಹೇಳಬಲ್ಲೆ. ಮೂರನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಮೈಕ್ ಎಂಬ ಮುದುಕ ತನ್ನ ಕಾರಿನಲ್ಲಿ ಯಾರೋ ಜಾಡು ಹಿಡಿಯುವ ಸಾಧನ ಇಟ್ಟಿದ್ದಾರೆಂದು ಅನುಮಾನಿಸುತ್ತಾನೆ. ಗುಜರಿಯ ಅಂಗಳದಲ್ಲಿ ಕಾರನ್ನು ಬಿಚ್ಚುತ್ತಾ ಬಿಚ್ಚುತ್ತಾ ಅಸ್ಥಿಪಂಜರ ಮಾಡುತ್ತಾನೆ. ಏನೂ ಸಿಗುವುದಿಲ್ಲ. ಕೊನೆಗೆ ಅಲ್ಲಿ ಮಾರಾಟಕ್ಕಿಟ್ಟ ಪೆಟ್ರೋಲ್ ಟ್ಯಾಂಕಿನ ಮುಚ್ಚಳಗಳ ಮೇಲೆ ಅವನ ಕಣ್ಣು ಬೀಳುತ್ತದೆ. ಸಾಧನ ಇದ್ದದ್ದು ಮುಚ್ಚಳದೊಳಗೆ. ಇದನ್ನು ಅವನು ಯಾರಿಗೂ ಹೇಳುವುದಿಲ್ಲ, ತನಗೆ ತಾನೂ ಹೇಳಿಕೊಳ್ಳುವುದಿಲ್ಲ. ನಾನು ಅಷ್ಟು ಹೊತ್ತೂ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ.

ಸಂಭಾಷಣೆ ಶಾಲಿನಿ

ನೋಡಿ, ಅದೇ ದೃಶ್ಯವನ್ನು ನನ್ನ ಕೈಗೆ ಕೊಟ್ಟು ಏಳು ಗಂಟೆಯ ಧಾರಾವಾಹಿಗೆ ಬರೆ ಎಂದರೆ, ಮೈಕ್‌ನ ಪಕ್ಕದಲ್ಲಿ ಒಬ್ಬ ಗೆಳೆಯನನ್ನು ನಿಲ್ಲಿಸುತ್ತೇನೆ. 'ಏನಣ್ಣಾ, ಇಡೀ ಕಾರು ಬಿಚ್ಚಿದೆಯಲ್ಲ, ಸಿಕ್ಕಿತಾ?' ಎಂದು ಅವನ ಬಾಯಲ್ಲಿ ಕೇಳಿಸುತ್ತೇನೆ. ಆ ಗೆಳೆಯ ಇದ್ದಾನೆಯೇ ಎಂದು ನೋಡಿಕೊಳ್ಳಿ. ಇದ್ದರೆ ಒಲೆಯ ಪಕ್ಕಕ್ಕೆ ಆಗುತ್ತದೆ.

ಪರೀಕ್ಷೆ ಮಾಡಲು ನಾನು ಅನುಸರಿಸುವ ದಾರಿ ಇದು. ಹೊಸ ಸರಣಿಯ ಮೊದಲ ಕಂತಿನ ನಡುಭಾಗದಿಂದ ಐದು ನಿಮಿಷವನ್ನು ಪರದೆಗೆ ಬೆನ್ನು ಹಾಕಿ ಕೇಳುತ್ತೇನೆ. ಆಮೇಲೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ದೃಶ್ಯದಲ್ಲಿ ಎಷ್ಟು ಜನ ಇದ್ದರು, ಎಲ್ಲಿದ್ದರು, ಮೊದಲಿಗೂ ಕೊನೆಗೂ ಏನು ಬದಲಾಯಿತು. ಅದೇ ಐದು ನಿಮಿಷವನ್ನು ತಿರುಗಿ ನೋಡಿ ತಾಳೆ ಹಾಕುತ್ತೇನೆ. ಮೂರನೆಯ ಪ್ರಶ್ನೆಗೆ ಉತ್ತರ ತಪ್ಪಿದ್ದರೆ ಅದು ಕುಳಿತು ನೋಡಬೇಕಾದದ್ದು. ಮೊದಲ ಎರಡು ತಪ್ಪಿದರೆ ಪರವಾಗಿಲ್ಲ. ಆರಂಭದ ಹತ್ತು ನಿಮಿಷವನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳಬೇಡಿ, ಪಾತ್ರಗಳನ್ನು ಪರಿಚಯಿಸುವ ಅವಸರದಲ್ಲಿ ಅಲ್ಲಿ ಎಲ್ಲ ಸರಣಿಗಳೂ ಹೆಚ್ಚು ಮಾತಾಡುತ್ತವೆ.

ಮೈಸೂರಿನ ಪ್ರಸನ್ನ

ಒಪ್ಪಿದೆ. ಆದರೆ ನೋಡಿದ್ದನ್ನೇ ಹಾಕಿಕೊಳ್ಳುವುದರಲ್ಲಿ ತಪ್ಪೇನಿದೆ ಎಂದು ಯಾರೂ ಹೇಳಲಿಲ್ಲ.

ಆಗುಂಬೆ ಮಳೆ

ತಪ್ಪು ಇದೆ ಸರ್, ನಾನು ಹೇಳುತ್ತೇನೆ. ಮಾಲ್ಗುಡಿ ಡೇಸ್ ಚಿತ್ರೀಕರಣ ನಡೆದ ಊರಿನವನು ನಾನು. ಚಿಕ್ಕಂದಿನಿಂದ ಮನೆಯಲ್ಲಿ ಅದು ಓಡುತ್ತಲೇ ಇತ್ತು, ಮಾತೆಲ್ಲ ಬಾಯಿಪಾಠ. ಕಳೆದ ಮಳೆಗಾಲದಲ್ಲಿ ಮೂರು ದಿನ ಎಲ್ಲೂ ಹೋಗುವಂತಿರಲಿಲ್ಲ, ವಿದ್ಯುತ್ ಇದ್ದಾಗಲೆಲ್ಲ ಕುಳಿತು ನೋಡಿದೆ. ಶೀರ್ಷಿಕೆಯ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳಿಂದ ಹಿಡಿದು ಎಲ್ಲವೂ ಹೊಸದಾಗಿ ಕಂಡವು. ನಮ್ಮದೇ ಬೀದಿಯ ತಿರುವು ಯಾವುದೋ ದೃಶ್ಯದ ಹಿಂಬದಿಯಲ್ಲಿ ಬಂದುಹೋಗುತ್ತದೆ, ಅದನ್ನು ನಾನು ನಲವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಕಂಡೆ. ಕೇಳಿ ಕೇಳಿ ಸವೆದ ಮೇಲೆ ಅದನ್ನು ನೋಡಬೇಕು ಎಂದೇ ಅನ್ನಿಸುವುದಿಲ್ಲ, ಅದೇ ನಷ್ಟ. ನಿಮಗೆ ನಿಜವಾಗಿ ಇಷ್ಟವಾದದ್ದನ್ನು ಪಾತ್ರೆ ತೊಳೆಯಲು ಬಳಸಬೇಡಿ.

ಮೈಸೂರಿನ ಪ್ರಸನ್ನ

ನನಗೆ ಇಷ್ಟವಾದದ್ದೇ ನನ್ನ ಜೊತೆಗಿರಬೇಕು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಸಂಜೆ ಇರುವ ಧ್ವನಿ ಅದೊಂದೇ. ಅದು ಸವೆಯುತ್ತದೆ ಎಂದು ನನಗೆ ಅನ್ನಿಸಿಲ್ಲ.

ಆಗುಂಬೆ ಮಳೆ

ಸರ್, ಆ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ನೀವು ಹಾಕಿಕೊಳ್ಳಿ.

ಸ್ಟುಟ್‌ಗಾರ್ಟ್ ಕನ್ನಡತಿ

ಅಡಿಬರಹದ ವಿಷಯವನ್ನು ಯಾರೂ ಎತ್ತಲಿಲ್ಲ. ಡಾರ್ಕ್ ಎಂಬ ಜರ್ಮನ್ ಸರಣಿಯನ್ನು ಬೆಂಗಳೂರಿನ ನನ್ನ ತಂಗಿ ಬಟ್ಟೆ ಮಡಿಸುತ್ತಾ ಇಂಗ್ಲಿಷ್ ಅಡಿಬರಹದೊಂದಿಗೆ ನೋಡಿ, ಏನೂ ಅರ್ಥವಾಗಲಿಲ್ಲ ಎಂದು ಬಿಟ್ಟಳು. ನನಗೆ ಜರ್ಮನ್ ಬರುತ್ತದೆ, ಆದರೂ ಇಸ್ತ್ರಿ ಮಾಡುತ್ತಾ ಕೇಳಿದಾಗ ನನಗೂ ತಿಳಿಯಲಿಲ್ಲ. ಏಕೆಂದರೆ ಒಬ್ಬನೇ ಮನುಷ್ಯ 1953, 1986, 2019 ಎಂದು ಬೇರೆ ಬೇರೆ ಕಾಲದಲ್ಲಿ ಬರುತ್ತಾನೆ, ಬೇರೆ ಬೇರೆ ನಟರು ಆ ಪಾತ್ರ ಮಾಡುತ್ತಾರೆ. ಧ್ವನಿಯೇ ಬೇರೆಯಾದ ಮೇಲೆ ಇವನೇ ಅವನು ಎಂದು ಕಿವಿ ಹೇಗೆ ಗುರುತಿಸುತ್ತದೆ? ಕೆಲವು ಕಡೆ ಪರದೆಯನ್ನು ಸೀಳಿ ಎಳೆಯ ಮುಖವನ್ನೂ ಮುದಿ ಮುಖವನ್ನೂ ಪಕ್ಕಪಕ್ಕದಲ್ಲಿ ಇಡುತ್ತಾರೆ. ಅದೊಂದು ಕ್ಷಣ ಅಂಗಿಯ ಕಾಲರಿನ ಮೇಲೆ ಕಣ್ಣಿದ್ದರೆ ಮುಗಿಯಿತು. ಭಾಷೆ ಬರುತ್ತದೆ ಎಂಬುದಷ್ಟೇ ಸಾಲದು.

ಗೌರಿಬಿದನೂರು ಅವರೆಕಾಳು

ನೀವೆಲ್ಲ ಸರಣಿಯನ್ನು ಮಾತ್ರ ಅಳೆಯುತ್ತಿದ್ದೀರಿ, ಕೆಲಸವನ್ನೂ ಅಳೆಯಬೇಕು. ಎಲ್ಲ ಮನೆಗೆಲಸವೂ ಒಂದೇ ಅಲ್ಲ.

ಚಳಿಗಾಲದಲ್ಲಿ ನೆನೆಹಾಕಿದ ಅವರೆಕಾಳನ್ನು ಹಿದುಕಲು ಕುಳಿತರೆ ನಮ್ಮ ಮನೆಯಲ್ಲಿ ಒಂದೂವರೆ ಗಂಟೆ ಬೇಕು. ಬೆರಳಿಗೆ ಕೆಲಸ ಗೊತ್ತು, ಸಿಪ್ಪೆ ಜಾರಿದ್ದು ಬೆರಳಿಗೇ ತಿಳಿಯುತ್ತದೆ. ಕಣ್ಣು ಪೂರ್ತಿ ಬಿಡುವು. ಒಂದೇ ಕಡೆ ಕುಳಿತಿರುತ್ತೇನೆ, ಸದ್ದೂ ಇಲ್ಲ. ಅಡಿಬರಹದ ಡಾರ್ಕ್ ಅನ್ನು ನಾನು ನೋಡಿದ್ದೇ ಅವರೆಕಾಳಿನ ಜೊತೆ, ಮೂರೂ ಸೀಸನ್, ಇಪ್ಪತ್ತಾರು ಕಂತು. ಒಂದು ಎಳೆಯೂ ತಪ್ಪಲಿಲ್ಲ. ಸ್ಟುಟ್‌ಗಾರ್ಟ್ ಅಕ್ಕ, ನಿಮ್ಮ ತಂಗಿಯ ತೊಂದರೆ ಸರಣಿಯಲ್ಲಲ್ಲ, ಬಟ್ಟೆ ಮಡಿಸುವುದರಲ್ಲಿದೆ. ಅದಕ್ಕೆ ತೋಳು, ಅಂಚು, ಗುಂಡಿ ಎಂದು ಪ್ರತಿ ಬಟ್ಟೆಗೂ ಕಣ್ಣು ಬೇಕು.

ಬೀನ್ಸ್ ಹೆಚ್ಚುವಾಗ ಕಣ್ಣು ಚಾಕುವಿನ ಮೇಲೆ, ಕಿವಿ ಬಿಡುವು. ಪಾತ್ರೆ ತೊಳೆಯುವಾಗ ಪರದೆಗೆ ಬೆನ್ನು, ನಲ್ಲಿಯ ಸದ್ದಿನಲ್ಲಿ ಅರ್ಧ ಮಾತು ಹೋಗುತ್ತದೆ, ಆದ್ದರಿಂದ ಎಳೆ ತಪ್ಪಿದರೂ ಆಗುವಂಥದ್ದೇ ಬೇಕು. ಒಗ್ಗರಣೆಗೆ ಕಿವಿಯೇ ಬೇಕು.

ಶಿರಸಿ ಸುಮಾ

ಕೊನೆಯ ಮಾತಿಗೆ ನೂರು ನಮಸ್ಕಾರ. ಸಾಸಿವೆ ಚಟಪಟ ಎನ್ನುವುದು ನಿಲ್ಲುತ್ತಾ ಬಂದಾಗ ಕರಿಬೇವು ಹಾಕಬೇಕು, ಆ ನಿಲ್ಲುವುದನ್ನು ಕಿವಿಯಲ್ಲಿ ಹಿಡಿಯುತ್ತೇವೆ. ಇಯರ್‌ಫೋನ್ ಹಾಕಿಕೊಂಡು ಅಡುಗೆ ಮಾಡುವವರನ್ನು ಕಂಡರೆ ನನಗೆ ಭಯ. ನನ್ನ ಮಗಳು ಹಾಗೆಯೇ ಕುಕ್ಕರಿನ ಸೀಟಿ ಕೇಳಿಸಿಕೊಳ್ಳದೆ ಮೂರು ಸೀಟಿಯ ತೊಗರಿಬೇಳೆಯನ್ನು ತಳ ಹಿಡಿಸಿದಳು. ಹಾಕಲೇಬೇಕೆಂದರೆ ಒಂದು ಕಿವಿಗೆ ಮಾತ್ರ ಹಾಕು ಎಂದಿದ್ದೇನೆ.

ಕೊಪ್ಪಳ ಮೇಷ್ಟ್ರು

ಎಣಿಕೆಯ ವಿಷಯವನ್ನೂ ಸೇರಿಸಿ. ನಲವತ್ತು ಜನರಿಗೆ ಉಪ್ಪಿಟ್ಟು ಮಾಡಲು ರವೆಯನ್ನು ಪಾವಿನಲ್ಲಿ ಅಳೆಯುತ್ತಿದ್ದೆ. ಪಕ್ಕದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ. 'ಮೂರು ಓವರಿನಲ್ಲಿ ಇಪ್ಪತ್ತೇಳು' ಎಂದು ಅವನು ಹೇಳಿದ, ನನ್ನ ಏಳನೆಯ ಪಾವೋ ಎಂಟನೆಯದೋ ಮರೆತುಹೋಯಿತು. ಎಲ್ಲವನ್ನೂ ಹಿಂದಕ್ಕೆ ಸುರಿದು ಮತ್ತೆ ಎಣಿಸಿದೆ. ಅಳೆಯುವಾಗ ಮಾತಿರುವ ಯಾವುದನ್ನೂ ಹಾಕಬಾರದು, ವಾದ್ಯ ಸಂಗೀತವಾದರೆ ತೊಂದರೆ ಇಲ್ಲ. ಅಳತೆ ಮುಗಿಯುವವರೆಗೆ ನಿಲ್ಲಿಸಿಡುವುದು ಉತ್ತಮ.

ಹಾಸನದ ಗಿರೀಶ

ಕಾಡಿನ ಸಾಕ್ಷ್ಯಚಿತ್ರಗಳು ಹೇಗೆ? ಒಬ್ಬರೇ ನಿಧಾನವಾಗಿ ಮಾತಾಡುತ್ತಾರೆ, ಜಗಳವಿಲ್ಲ, ಎಳೆಯೂ ಇಲ್ಲ. ವೈಲ್ಡ್ ಕರ್ನಾಟಕ ಹಾಕಿಕೊಂಡು ಚಪಾತಿ ಲಟ್ಟಿಸಿದರೆ ಬಹಳ ಹಿತವಾಗಿರುತ್ತದೆ. ಕನ್ನಡದಲ್ಲಿ ರಿಷಬ್ ಶೆಟ್ಟಿ ಅವರ ನಿರೂಪಣೆ ಇದೆಯಲ್ಲ.

ಆಗುಂಬೆ ಮಳೆ

ಗಿರೀಶಣ್ಣ, ದಯವಿಟ್ಟು ಬೇಡ. 2020ರಲ್ಲಿ ಅದು ಚಿತ್ರಮಂದಿರಕ್ಕೆ ಬಂದದ್ದೇ ದೊಡ್ಡ ಪರದೆಯಲ್ಲಿ ನೋಡಲೆಂದು. ನಿರೂಪಕರು ಸುಮ್ಮನಾಗುವ ಜಾಗಗಳೇ ಅದರ ಜೀವ. ಪ್ರಾಣಿ ಬೇಟೆಗೆ ಹೊಂಚು ಹಾಕುವಾಗ ಯಾರೂ ಮಾತಾಡುವುದಿಲ್ಲ. ಶಾಲಿನಿ ಅಕ್ಕನ ಐದು ನಿಮಿಷದ ಪರೀಕ್ಷೆ ಮಾಡಿ ನೋಡಿ, ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತೀರಿ.

ಹಾಸನದ ಗಿರೀಶ

ಸೋತರೂ ನನಗೆ ಹಕ್ಕಿಗಳ ಸದ್ದು ಸಾಕು. ಕಥೆ ತಿಳಿಯಲೇಬೇಕೆಂಬ ಹಟ ನನಗಿಲ್ಲ.

ಸಂಭಾಷಣೆ ಶಾಲಿನಿ

ಗಿರೀಶ್ ಅವರ ಮಾತಿನಲ್ಲೂ ಅರ್ಥವಿದೆ. ನನ್ನ ಪರೀಕ್ಷೆ ಕಥೆಯಿರುವ ಸರಣಿಗಳಿಗೆ ಮಾತ್ರ. ಸದ್ದಿನ ಹಿತಕ್ಕಾಗಿ ಹಾಕಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ. ಆದರೂ ಮೊದಲ ಸಲ ನೋಡುವುದು ಚಪಾತಿಯ ಜೊತೆ ಆಗಬಾರದು ಎಂದೇ ನನ್ನ ಅಭಿಪ್ರಾಯ.

ಹುಬ್ಬಳ್ಳಿ ವಕೀಲ

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಹೆಸರು ಇನ್ನೂ ಬಂದಿಲ್ಲವೆಂದರೆ ಆಶ್ಚರ್ಯ. ಮುಕ್ತದ ನ್ಯಾಯಾಲಯದ ದೃಶ್ಯಗಳನ್ನು ನಾನು ಪ್ರತಿ ಭಾನುವಾರ ಮನೆ ಒರೆಸುತ್ತಾ ಕೇಳುತ್ತೇನೆ. ಅವರೇ ಸಿಎಸ್‌ಪಿ ಎಂಬ ವಕೀಲರ ಪಾತ್ರ ಮಾಡಿದ್ದಾರೆ. ಕೋರ್ಟಿನಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕು, ಇಲ್ಲವಾದರೆ ದಾಖಲೆಗೆ ಹೋಗುವುದಿಲ್ಲ. ಸಾಕ್ಷಿಯ ಹೆಸರು ಕೂಗುತ್ತಾರೆ, ಪ್ರಶ್ನೆ, ಉತ್ತರ, ಆಕ್ಷೇಪ. ಕಿವಿಗೆಂದೇ ಹೇಳಿ ಮಾಡಿಸಿದ ಜಾಗ ಅದು. ನಿಜವಾದ ಕೋರ್ಟಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾತಾಡುವುದಿಲ್ಲ ಎಂಬುದು ಬೇರೆ ವಿಷಯ.

ಸಂಭಾಷಣೆ ಶಾಲಿನಿ

ವಕೀಲರೇ, ನ್ಯಾಯಾಲಯದ ದೃಶ್ಯದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಪುತ್ತೂರಿನ ಭಟ್ರು

ಕಿವಿಗೆ ಸಾಕು ಎಂದ ಮಾತ್ರಕ್ಕೆ ಕೆಲಸದ ಜೊತೆ ಆಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದೀರಿ. ಅಲ್ಲೇ ತಪ್ಪಿರುವುದು.

ತಾಳಮದ್ದಲೆಯನ್ನು ತೆಗೆದುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಅರ್ಥಧಾರಿಗಳ ಮಾತು, ಅಷ್ಟೇ. ಕುಳಿತೇ ಆಡುವ ಯಕ್ಷಗಾನ. ನೋಡಲು ಏನೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಅಡುಗೆಮನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ನಾನೂ ಹಾಗೆಂದುಕೊಂಡು ಚೌತಿಯ ಹಿಂದಿನ ದಿನ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣ ಹಾಕಿಕೊಂಡು ಸಬ್ಬಕ್ಕಿ ಪಾಯಸಕ್ಕೆ ಕೈ ಹಾಕಿದೆ. ವಾಲಿವಧೆ ಪ್ರಸಂಗ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುತ್ತಾನೆ. ಒಂದು ಪ್ರಶ್ನೆಯ ಒಳಗಿಂದ ಇನ್ನೊಂದು ಹುಟ್ಟುತ್ತದೆ. ರಾಮ ಏನು ಉತ್ತರ ಕೊಡಬಹುದು ಎಂದು ನಮ್ಮ ತಲೆಯೂ ಓಡುತ್ತದೆ. ಸೌಟು ಕೈಯಲ್ಲೇ ನಿಂತಿತು. ಸಬ್ಬಕ್ಕಿ ಮುದ್ದೆಯಾಗಿ ತಳ ಹಿಡಿಯಿತು, ಹಾಲು ಸೀದು ವಾಸನೆ ಬಂದಾಗ ಎಚ್ಚರವಾಯಿತು. ಒಂದು ವಾದದ ನಡುವಿನ ಒಂದು ಮಾತು ತಪ್ಪಿದರೆ ಮುಂದಿನ ಮಾತಿಗೆ ನೆಲೆಯಿಲ್ಲ, ಆದ್ದರಿಂದ ಬಿಡಲೂ ಆಗುವುದಿಲ್ಲ.

ಕಣ್ಣು ಬೇಕೇ ಎಂದು ಕೇಳುವುದರ ಜೊತೆಗೆ ಬುದ್ಧಿ ಎಷ್ಟು ಬೇಕು ಎಂದೂ ಕೇಳಬೇಕು. ತಾಳಮದ್ದಲೆಗೆ ಕಣ್ಣು ಬೇಡ, ಉಳಿದದ್ದೆಲ್ಲ ಬೇಕು.

ಸಂಭಾಷಣೆ ಶಾಲಿನಿ

ಭಟ್ಟರೇ, ಒಪ್ಪಿಕೊಂಡೆ. ನನ್ನ ಐದು ನಿಮಿಷದ ಪರೀಕ್ಷೆಯಲ್ಲಿ ತಾಳಮದ್ದಲೆ ಸುಲಭವಾಗಿ ತೇರ್ಗಡೆಯಾಗಿಬಿಡುತ್ತದೆ, ಆದರೂ ಪಾಯಸ ಸೀಯುತ್ತದೆ. ಹಾಗಾದರೆ ಪರೀಕ್ಷೆಯನ್ನು ಸುಮ್ಮನೆ ನಿಂತು ಮಾಡಬಾರದು, ಕೈಯಲ್ಲಿ ನಿಜವಾದ ಕೆಲಸ ಇಟ್ಟುಕೊಂಡೇ ಮಾಡಬೇಕು. ಐದು ನಿಮಿಷ ಬೀನ್ಸ್ ಹೆಚ್ಚುತ್ತಾ ಕೇಳಿ, ಕೈ ನಿಂತಿತೇ ಎಂದು ನೋಡಬೇಕು. ಕೈ ನಿಂತರೆ ಅದು ಕುಳಿತು ಕೇಳಬೇಕಾದದ್ದು.

ಹುಬ್ಬಳ್ಳಿ ವಕೀಲ

ನನ್ನ ಕೈ ಕೋರ್ಟಿನ ದೃಶ್ಯಕ್ಕೆ ನಿಲ್ಲುವುದಿಲ್ಲ, ನೆಲ ಒರೆಸುವುದು ಜೋರಾಗುತ್ತದೆ.

ಗೌರಿಬಿದನೂರು ಅವರೆಕಾಳು

ಭಟ್ರೇ, ತಾಳಮದ್ದಲೆಯನ್ನು ಅವರೆಕಾಳು ಹಿದುಕುತ್ತಾ ಕೇಳಬಹುದು. ಅಲ್ಲಿ ಸೀಯಲು ಏನೂ ಇಲ್ಲ, ಕೈ ನಿಂತರೂ ನಷ್ಟವಿಲ್ಲ. ಒಲೆ ಹೊತ್ತಿಸಿದ ಕೆಲಸಕ್ಕೂ ಹೊತ್ತಿಸದ ಕೆಲಸಕ್ಕೂ ಇರುವ ವ್ಯತ್ಯಾಸ ಅದು.

ಶಿರಸಿ ಸುಮಾ

ಒಂದೂಕಾಲು ಪಟ್ಟು ವೇಗದಲ್ಲಿ ನೋಡುವವರ ಬಗ್ಗೆ ಏನೆನ್ನುತ್ತೀರಿ? ನನ್ನ ಮಗಳು ಎಲ್ಲವನ್ನೂ ಹಾಗೆಯೇ ನೋಡುತ್ತಾಳೆ.

ಪುತ್ತೂರಿನ ಭಟ್ರು

ಸುಮಕ್ಕ, ಭಾಗವತರ ಹಾಡನ್ನು ವೇಗ ಮಾಡಿದರೆ ತಾಳ ಕೆಡುತ್ತದೆ. ಬೇಡವೆಂದು ಹೇಳಿ.

ಸಂಭಾಷಣೆ ಶಾಲಿನಿ

ದೈನಂದಿನ ಧಾರಾವಾಹಿಯನ್ನು ಬೇಕಾದರೆ ವೇಗ ಮಾಡಿಕೊಳ್ಳಲಿ, ನಮಗೆ ಬೇಸರವಿಲ್ಲ. ಆದರೆ ನಲ್ಲಿ, ಮಿಕ್ಸರ್ ಸದ್ದಿನ ನಡುವೆ ವೇಗದ ಮಾತು ಇನ್ನಷ್ಟು ಕಲಸಿಹೋಗುತ್ತದೆ.

ಜಯನಗರದ ವಿದ್ಯಾ

ಈ ವಾರ ಪ್ರಯೋಗ ಮಾಡಿದೆ, ಬರೆಯುತ್ತೇನೆ. ಬೆಟರ್ ಕಾಲ್ ಸಾಲ್ ಅನ್ನು ಮಕ್ಕಳು ಮಲಗಿದ ಮೇಲೆ, ದಿನಕ್ಕೆ ಒಂದೇ ಕಂತು ಎಂದು ಸೋಫಾಕ್ಕೆ ವರ್ಗಾಯಿಸಿದೆ. ಮುಕ್ತದ ನ್ಯಾಯಾಲಯದ ಕಂತುಗಳನ್ನು ಹುಳಿ ಮತ್ತು ಪಲ್ಯದ ಹೊತ್ತಿಗೆ ಹಾಕಿಕೊಂಡೆ, ಚೆನ್ನಾಗಿ ಹೊಂದಿತು. ಒಗ್ಗರಣೆ ಮತ್ತು ಅಳತೆಯ ಸಮಯದಲ್ಲಿ ನಿಲ್ಲಿಸಿದೆ. ಒಂದೂವರೆ ಗಂಟೆಯಲ್ಲಿ ನಾಲ್ಕು ಸಲ ನಿಲ್ಲಿಸಬೇಕಾಯಿತು, ಎರಡು ಸಲ ಪರದೆಗೆ ಎಣ್ಣೆ ಕೈ ತಗುಲಿತು. ಅದಕ್ಕೆ ಯಾರ ಬಳಿಯಾದರೂ ಉಪಾಯ ಇದೆಯೇ?

ಗಿರೀಶ್ ಅವರ ಕಾಡಿನ ಸಾಕ್ಷ್ಯಚಿತ್ರದ ವಿಷಯದಲ್ಲಿ ನಾನಿನ್ನೂ ಯಾರ ಪಕ್ಷ ಎಂದು ತೀರ್ಮಾನಿಸಿಲ್ಲ.

ಕೊಪ್ಪಳ ಮೇಷ್ಟ್ರು

ಬೆರಳಿನ ಗೆಣ್ಣಿನಿಂದ ಒತ್ತಿ ತಾಯಿ. ಗೆಣ್ಣಿಗೆ ಎಣ್ಣೆ ತಗಲುವುದು ಕಡಿಮೆ.

ಶಿರಸಿ ಸುಮಾ

ಪರದೆಯ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲ ಎಳೆದುಬಿಡಿ. ಒತ್ತಿದ್ದು ತಿಳಿಯುತ್ತದೆ, ಸಂಜೆ ಚೀಲ ಒರೆಸಿದರಾಯಿತು. ಭಟ್ರೇ, ಆ ವಾಲಿವಧೆಯಲ್ಲಿ ರಾಮ ಕೊನೆಗೆ ಏನು ಉತ್ತರ ಕೊಟ್ಟ?

ಪುತ್ತೂರಿನ ಭಟ್ರು

ಪಾಯಸದ ಪಾತ್ರೆಯನ್ನು ಇಳಿಸಲು ಎದ್ದೆ ಸುಮಕ್ಕ, ಅಷ್ಟರಲ್ಲಿ ಆ ಭಾಗ ಮುಂದೆ ಹೋಗಿತ್ತು. ಭಾನುವಾರ ಕುಳಿತು ಕೇಳುತ್ತೇನೆ, ಕೇಳಿ ಇಲ್ಲಿ ಬರೆಯುತ್ತೇನೆ.